ಮೂರು ಮೊಳದ ದಾರ: ಒಂದೇ ವಸ್ತುವನ್ನು ಹಿಡಿದು ಭಾಷಣ ಮಾಡುವವರ ಪ್ರಶ್ನೆಗಳು

ಬಸವನಗುಡಿಯ ನಮ್ಮ ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ಏಳೆಂಟು ಜನ ಸೇರುತ್ತೇವೆ. ಯಾರಿಗೋ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಮಾತಾಡಬೇಕಿರುತ್ತೆ, ಯಾರಿಗೋ ಆಫೀಸಿನ ಬೀಳ್ಕೊಡುಗೆಯಲ್ಲಿ. ಬರೆದು ತಂದಿದ್ದನ್ನು ಓದುತ್ತಾರೆ, ಉಳಿದವರು ಕಾಫಿ ಕುಡಿಯುತ್ತಾ ತಪ್ಪು ಹುಡುಕುತ್ತೇವೆ. ಅಲ್ಲಿ ಎದುರಾದ ಪ್ರಶ್ನೆಗಳು, ಫೋನಿನಲ್ಲಿ ಮತ್ತು ಪತ್ರದಲ್ಲಿ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹೆಚ್ಚುಕಡಿಮೆ ಹಾಗೇ ಇಟ್ಟಿದ್ದೇನೆ. ಉದಾಹರಣೆಗೆ ಬಹುತೇಕ ಒಂದೇ ಭಾಷಣ ತಗೊಂಡಿದ್ದೇನೆ. ಬ್ಯಾಂಕಿನಲ್ಲಿರುವ ನಮ್ಮ ಭಾವ ತಮ್ಮ ಹೆಡ್ ಕ್ಯಾಷಿಯರ್ ನಿವೃತ್ತರಾದಾಗ ಮಾಡಿದ 7 ನಿಮಿಷದ ಭಾಷಣ ಅದು. ಅದು ಹುಟ್ಟಿದಾಗ ನಾನು ಪಕ್ಕದಲ್ಲೇ ಇದ್ದೆ, ಅದಕ್ಕೇ.

## ಮೊದಮೊದಲು

"ಒಂದೇ ವಸ್ತು ಹಿಡಿದು ಭಾಷಣ ಮಾಡೋದು ಅಂದ್ರೆ ಏನು ಸಾರ್? ಅದು ಉಪಮೆನೇ ಅಲ್ವಾ?"

ಅಲ್ಲ. ಉಪಮೆ ಬಂದು ಹೋಗುತ್ತೆ. "ಅವರ ಮನಸ್ಸು ಬೆಣ್ಣೆ" ಅಂದಿರಿ, ಮುಂದಿನ ಮಾತಿಗೆ ಹೋದಿರಿ, ಬೆಣ್ಣೆಯ ಕೆಲಸ ಅಲ್ಲಿಗೆ ಮುಗೀತು. ನಾವು ಹೇಳುತ್ತಿರುವ ವಸ್ತು ಮೊದಲ ಸಾಲಿನಲ್ಲಿ ಬರಬೇಕು, ನಡುವೆ ಎರಡು ಸಲವಾದರೂ ಬರಬೇಕು, ಕೊನೆಯ ಸಾಲಿನಲ್ಲೂ ಇರಬೇಕು. ಬಂದಾಗಲೆಲ್ಲ ಬೇರೆ ಬೇರೆ ಕೆಲಸ ಮಾಡಬೇಕು.

ಇದನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. 12ನೇ ಶತಮಾನದ ಬಸವಣ್ಣನ ವಚನ ನಮಗೆಲ್ಲ ಬಾಯಿಪಾಠ. ಉಳ್ಳವರು ಶಿವಾಲಯ ಕಟ್ಟುತ್ತಾರೆ, ಬಡವ ನಾನೇನು ಮಾಡಲಿ ಅಂತ ಶುರುವಾಗುತ್ತೆ. ಆಮೇಲೆ ದೇವಸ್ಥಾನದ ಒಂದೊಂದೇ ಭಾಗ ಮೈಗೆ ಇಳಿಯುತ್ತೆ: ಕಾಲು ಕಂಬ, ದೇಹ ದೇಗುಲ, ತಲೆ ಹೊನ್ನಿನ ಕಳಶ. ಕೊನೆಗೆ ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲ. ಗಮನಿಸಿ, ಕೊನೆಯಲ್ಲಿ "ಶಿವಾಲಯ" ಅನ್ನುವ ಪದವೇ ಇಲ್ಲ, ಅದರ ಜಾಗದಲ್ಲಿ "ಸ್ಥಾವರ" ಬಂದಿದೆ. ಆದರೂ ನಮ್ಮ ಕಣ್ಣಿಗೆ ಕಾಣುವುದು ಮೊದಲು ಕಂಡ ಅದೇ ಕಟ್ಟಡ. ಆದರೆ ಈಗ ಅದು ಸಣ್ಣದಾಗಿದೆ. ಇಷ್ಟು ಪುಟ್ಟ ಜಾಗದಲ್ಲಿ ಒಂದು ವಸ್ತು ಬಂದು, ಬಿಡಿಬಿಡಿಯಾಗಿ, ತಲೆಕೆಳಗಾಗಿ ಮುಗಿಯುತ್ತೆ. ಭಾಷಣದಲ್ಲಿ ನಾವು ಮಾಡುವುದೂ ಇದನ್ನೇ, ಸ್ವಲ್ಪ ಜಾಸ್ತಿ ಸಮಯ ತಗೊಂಡು.

"ಕೇಳೋರಿಗೆ ಇದರಿಂದ ಏನು ಉಪಯೋಗ?"

ಓದುವವರು ಪುಟ ಹಿಂದೆ ತಿರುಗಿಸಬಹುದು, ಕೇಳುವವರಿಗೆ ಆ ಅನುಕೂಲ ಇಲ್ಲ. ಬೋಂಡಾ ಬರುತ್ತೆ, ಫೋನ್ ಬಡಿಯುತ್ತೆ, ಒಂದು ನಿಮಿಷ ಕೈತಪ್ಪಿ ಹೋಗುತ್ತೆ. ಮತ್ತೆ ಕಿವಿ ಕೊಟ್ಟಾಗ ಅದೇ ಪೆನ್ನು, ಅದೇ ದಾರ ಕೇಳಿಸಿದರೆ "ಓ, ಇಲ್ಲಿದ್ದೀವಾ" ಅಂತ ಮತ್ತೆ ಹತ್ತಿಕೊಳ್ಳುತ್ತಾರೆ. ಅಷ್ಟೇ. ಮಾತು ಚೆಂದ ಕಾಣಲಿ ಅಂತ ಮಾತ್ರ ಇದನ್ನು ಮಾಡುವುದಾದರೆ ಬೇಡ.

"ವಸ್ತು ಹುಡುಕೋದು ಎಲ್ಲಿ? ನನಗೆ ಯಾವಾಗ್ಲೂ ದೀಪ, ಮರ, ಏಣಿ ಇಷ್ಟೇ ಹೊಳೆಯೋದು."

ಭಾವನಿಗೂ ಮೊದಲು ಹೊಳೆದದ್ದು ಮರವೇ. "ಅವರು ನಮ್ಮ ಶಾಖೆಯ ಆಲದ ಮರ" ಅಂತ ಬರೆದು ತಂದಿದ್ದರು. ಈ ಊರಲ್ಲಿ ನಿವೃತ್ತರಾದ ಎಲ್ಲರೂ ಆಲದ ಮರಗಳೇ. ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಜೀವ ಬಂದರೆ ಬೇಜಾರಾಗಿ ಊರು ಬಿಟ್ಟೀತು. ಮರ, ದೀಪ, ಏಣಿ ಇವೆಲ್ಲ ಯಾರಿಗೆ ಬೇಕಾದರೂ ಆಗುತ್ತವೆ. ತೊಂದರೆ ಅದೇ.

ನಾನು ಭಾವನಿಗೆ ಹೇಳಿದ್ದು ಇಷ್ಟು: "ಅವರನ್ನು ಹೊಗಳಬೇಡಿ. ಅವರ ಕೌಂಟರಿನ ಮುಂದೆ ನಿಂತರೆ ಏನೇನು ಕಾಣುತ್ತೋ ಸುಮ್ನೆ ಹೇಳ್ತಾ ಹೋಗಿ." ಅವರು ಹೇಳಿದರು: ಗಾಜು, ನೋಟು ಎಣಿಸುವ ಮೆಷಿನ್, ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಡಬ್ಬಿ, ರಬ್ಬರ್ ಬ್ಯಾಂಡಿನ ರಾಶಿ, ಗಣಪತಿ ಫೋಟೋ, ದಾರ ಕಟ್ಟಿದ ಪೆನ್ನು. ಸ್ವಲ್ಪ ತಡೆದು ಅಂದರು, "ಅವರ ಪೆನ್ನಿನ ದಾರ ಮಾತ್ರ ಉದ್ದ ಇದೆ, ಬೇರೆ ಕೌಂಟರಿನದೆಲ್ಲ ಗಿಡ್ಡ."

"ಯಾಕೆ ಉದ್ದ?"

"ಗೊತ್ತಿಲ್ಲ. ಕೇಳಿಲ್ಲ."

ಸಿಕ್ತು ಅನ್ನಿಸಿದ್ದು ಅಲ್ಲಿ. ಒಳ್ಳೆಯ ವಸ್ತು ಅಂದರೆ ಒಂದು "ಯಾಕೆ" ಹುಟ್ಟಿಸುವಂಥದ್ದು. ಆ ಮನುಷ್ಯರು ದಿನಾ ಮುಟ್ಟಿದ್ದಾಗಿರಬೇಕು, ಮತ್ತು ಏನೋ ಒಂದು ಕಡೆ ಬೇರೆ ಅಂಥ ವಸ್ತುಗಳ ಹಾಗಿರಬಾರದು. ರಬ್ಬರ್ ಬ್ಯಾಂಡ್ ಎಲ್ಲ ಕ್ಯಾಷಿಯರ್ ಹತ್ತಿರವೂ ಇರುತ್ತೆ. ಮೂರು ಮೊಳದ ದಾರ ಒಬ್ಬರದ್ದೇ.

"ವಸ್ತು ಸಿಕ್ತು. ಬರೆಯೋಕೆ ಕೂರಬಹುದಾ?"

ಇನ್ನೂ ಇಲ್ಲ. ಮೊದಲು ಆ ವಸ್ತುವಿಗೆ ಏನೇನಾಗಿದೆ ಅಂತ ಹೋಗಿ ಕೇಳಿ. ಅರ್ಥ ಹುಡುಕಬೇಡಿ, ಘಟನೆ ಹುಡುಕಿ. ಇಲ್ಲೇ ತುಂಬಾ ಜನ ಎಡವುತ್ತಾರೆ. ಪೆನ್ನು ಸಿಕ್ಕ ಕೂಡಲೇ "ಪೆನ್ನು ಖಡ್ಗಕ್ಕಿಂತ ಹರಿತ" ಅಂತ ಶುರು ಹಚ್ಚಿಕೊಳ್ಳುತ್ತಾರೆ.

ಭಾವ ಮಾರನೇ ದಿನ ಅಟೆಂಡರನ್ನು ಕೇಳಿದರು. ಎರಡು ವಿಷಯ ಗೊತ್ತಾಯಿತು. ಒಂದು, ಪಿಂಚಣಿಗೆ ಬರುವ ಒಬ್ಬ ಅಜ್ಜಿಗೆ ಕೌಂಟರಿನ ಮುಂದೆ ನಿಂತು ಬರೆಯಲು ಆಗುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು, ಪಾಸ್‌ಬುಕ್ಕನ್ನು ತೊಡೆ ಮೇಲಿಟ್ಟುಕೊಂಡು ಅದರ ಮೇಲೆ ಸ್ಲಿಪ್ ಬರೆಯುತ್ತಿದ್ದರು. ಪೆನ್ನು ಕುರ್ಚಿವರೆಗೆ ಬರಲಿ ಅಂತ ಹೆಡ್ ಕ್ಯಾಷಿಯರ್ ದಾರ ಬದಲಾಯಿಸಿದ್ದರು. ಎರಡು, 2016ರ ನವೆಂಬರಿನಲ್ಲಿ ಆ ದಾರ ಒಮ್ಮೆ ಕಿತ್ತುಹೋಗಿತ್ತು.

ಅಜ್ಜಿಗೆ ಬೇರೆ ಪೆನ್ನು ಕೊಡಬಹುದಿತ್ತಲ್ಲ ಅಂತ ನಾನು ಕೇಳಿದೆ. ಕೊಟ್ಟರೆ ವಾಪಸ್ ಕೊಡಲು ಅವರು ಮತ್ತೆ ಏಳಬೇಕು. ದಾರ ಇದ್ದರೆ ಬಿಟ್ಟರಾಯಿತು, ಜೋತಾಡಿಕೊಂಡು ತಾನೇ ಹೋಗುತ್ತೆ. ಈ ಸಣ್ಣ ವಿವರ ಭಾಷಣಕ್ಕೆ ಬಂತು. ಕೂತು ಕಲ್ಪಿಸಿಕೊಂಡಿದ್ದರೆ ನಮ್ಮಿಬ್ಬರಿಗೂ ಹೊಳೆಯುತ್ತಿರಲಿಲ್ಲ.

## ನಡುಭಾಗ ಕಟ್ಟುವಾಗ

"ಎಷ್ಟು ಸಲ ತರಬೇಕು? ಒಂದು ಲೆಕ್ಕ ಹೇಳಿ."

7 ನಿಮಿಷಕ್ಕೆ ನಾಲ್ಕು ಸಲ ಅಂತ ನಾನು ಹೇಳುತ್ತೇನೆ. ನಿಧಾನವಾಗಿ, ಜನ ನಗುವುದಕ್ಕೆ ಜಾಗ ಬಿಟ್ಟು ಓದಿದರೆ ನಮ್ಮ ಮಹಡಿಯ ಗಡಿಯಾರದಲ್ಲಿ ನಿಮಿಷಕ್ಕೆ 90ರಿಂದ 100 ಕನ್ನಡ ಪದ ಆಗುತ್ತೆ. ಅಂದರೆ ಒಟ್ಟು 650 ಪದದ ಆಸುಪಾಸು. ಅದರಲ್ಲಿ ವಸ್ತುವಿಗೆ ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದು ಮನುಷ್ಯರಿಗೆ. ಭಾವನ ಭಾಷಣ ಹೀಗೆ ಕೂತಿತು.

ಶುರುವಿನಲ್ಲಿ, ಅರ್ಧ ನಿಮಿಷ: "ನಮ್ಮ ಶಾಖೆಯಲ್ಲಿ ನಾಲ್ಕು ಪೆನ್ನಿಗೆ ದಾರ ಕಟ್ಟಿದೆ. ಮೂರರ ದಾರ ಒಂದೊಂದು ಮೊಳ. ಕ್ಯಾಷ್ ಕೌಂಟರಿನದು ಮಾತ್ರ ಮೂರು ಮೊಳ. ನಿನ್ನೆ ಅಳೆದೆ." ಇಷ್ಟೇ. ಯಾಕೆ ಅಂತ ಹೇಳಲಿಲ್ಲ. "ನಿನ್ನೆ ಅಳೆದೆ" ಅಂದಾಗ ಜನ ನಕ್ಕರಂತೆ. ಆಮೇಲೆ ದಾರದ ಸುದ್ದಿ ಬಿಟ್ಟು ಒಂದೂವರೆ ನಿಮಿಷ ಅವರು ಶಾಖೆಗೆ ಬಂದ ಹೊಸತರ ಕಥೆ.

ಎರಡನೇ ಮಿನಿಟು ಮುಗಿಯುವ ಹೊತ್ತಿಗೆ ಅಜ್ಜಿ, ಕುರ್ಚಿ, ತೊಡೆ ಮೇಲಿನ ಪಾಸ್‌ಬುಕ್. ಇಲ್ಲಿ "ಯಾಕೆ"ಗೆ ಉತ್ತರ ಸಿಗುತ್ತೆ. ಭಾಷಣದ ಅತಿ ನಿಧಾನದ ಭಾಗ ಇದು. ಪೆನ್ನು ಬಿಟ್ಟಾಗ ಅದು ಕೌಂಟರಿನ ಮರಕ್ಕೆ ಟಕ್ ಅಂತ ಬಡಿಯುವ ಸದ್ದನ್ನೂ ಭಾವ ಸೇರಿಸಿದರು. ಅದು ನಾನು ಹೇಳಿಕೊಟ್ಟದ್ದಲ್ಲ.

ನಾಲ್ಕನೇ ನಿಮಿಷದಲ್ಲಿ ನೋಟು ರದ್ದತಿ. 2016ರ ನವೆಂಬರ್ 8ರ ರಾತ್ರಿ ಘೋಷಣೆಯಾಯಿತು, 9ರಂದು ಬ್ಯಾಂಕುಗಳು ಮುಚ್ಚಿದ್ದವು, 10ರಂದು ಬಾಗಿಲು ತೆಗೆದಾಗ ಸಾಲು ರಸ್ತೆಗೆ ಬಂದಿತ್ತು. 500, 1000ದ ನೋಟು ಬದಲಾಯಿಸಬೇಕಾದರೆ ಫಾರಂ ತುಂಬಬೇಕು. ಎಷ್ಟು ಜನರ ಹತ್ತಿರ ಪೆನ್ನಿತ್ತು ಹೇಳಿ? ಎಲ್ಲರೂ ಎಳೆದು ಎಳೆದು ಮಧ್ಯಾಹ್ನದ ಹೊತ್ತಿಗೆ ದಾರ ಕಿತ್ತಿತು. ಹೆಡ್ ಕ್ಯಾಷಿಯರ್ ನೋಡಿದರು, ಅವತ್ತು ಮತ್ತೆ ಕಟ್ಟಲಿಲ್ಲ. ಪೆನ್ನು ಕೈಯಿಂದ ಕೈಗೆ ಬಾಗಿಲ ಆಚೆ ಹೋಯಿತು. ಸಂಜೆ ಷಟರ್ ಇಳಿಸುವಾಗ ಕೌಂಟರಿನ ಮೇಲೆ ವಾಪಸ್ ಇತ್ತು. ಯಾರು ಇಟ್ಟರೋ ಯಾರಿಗೂ ಗೊತ್ತಿಲ್ಲ.

ಕೊನೆಯದು ಆರೂವರೆ ನಿಮಿಷಕ್ಕೆ. ಅದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆ ಇದೆ.

"ಪದೇ ಪದೇ ಅದೇ ಹೇಳಿದ್ರೆ ಬೋರ್ ಹೊಡೆಯಲ್ವಾ?"

ಅದೇ ಹೇಳಿದರೆ ಹೊಡೆಯುತ್ತೆ, ಅನುಮಾನವೇ ಇಲ್ಲ. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ಕೊಡೆಯನ್ನು ಹಿಡಿದು ಮಾತಾಡಿದ್ದೆ. ಮೇಷ್ಟ್ರು ಕೊಡೆ, ಅಪ್ಪ ಅಮ್ಮ ಕೊಡೆ, ಸಂವಿಧಾನ ಕೊಡೆ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಬೆರಳು ಮಡಚುತ್ತಿದ್ದ. ಏನೋ ಲೆಕ್ಕ ಮಾಡ್ತಿದ್ದಾನೆ ಅಂದುಕೊಂಡೆ. ಇಳಿದು ಬಂದಾಗ ಹತ್ತಿರ ಬಂದು "ಅಂಕಲ್, ಒಂಬತ್ತು ಕೊಡೆ" ಅಂದ.

ತಪ್ಪು ಒಂಬತ್ತರಲ್ಲಿ ಇರಲಿಲ್ಲ. ಒಂಬತ್ತು ಸಲವೂ ಕೊಡೆ ಮಾಡಿದ್ದು ಒಂದೇ ಕೆಲಸ, ಕಾಪಾಡುವುದು. ಒಂದು ಸಲ ಗಾಳಿಗೆ ತಿರುಗಿಕೊಂಡಿದ್ದರೆ, ಬಸ್ಸಿನಲ್ಲಿ ಮರೆತುಹೋಗಿದ್ದರೆ, ಇಬ್ಬರು ಒಂದರಲ್ಲೇ ನಡೆದು ಇಬ್ಬರ ಒಂದೊಂದು ಭುಜ ನೆನೆದಿದ್ದರೆ ಆ ಹುಡುಗ ಎಣಿಸುತ್ತಿರಲಿಲ್ಲ.

ಸಂಗೀತ ಕಚೇರಿ ಕೇಳುವವರಿಗೆ ಇದು ಬೇಗ ಅರ್ಥವಾಗುತ್ತೆ. ಪಲ್ಲವಿಯ ಸಾಲು ಎಷ್ಟು ಸಲ ಬಂದರೂ ನಾವು ತಲೆ ಆಡಿಸುತ್ತಾ ಕೂರುವುದು ಪ್ರತಿ ಸಲ ಹೊಸ ಸಂಗತಿ ಬರುತ್ತೆ ಅಂತ. ಸಾಹಿತ್ಯ ಅದೇ, ಹಾಡುವ ರೀತಿ ಬೇರೆ. ಭಾವನ ದಾರವನ್ನೇ ನೋಡಿ: ಮೊದಲು ಅಳತೆ, ಆಮೇಲೆ ಅನುಕೂಲ, ಆಮೇಲೆ ಕಿತ್ತದ್ದು, ಕೊನೆಗೆ ಹಾಗೇ ಉಳಿದದ್ದು. ಬರೆದ ಮೇಲೆ ಪ್ರತಿ ಸಲದ ಪಕ್ಕದಲ್ಲಿ ವಸ್ತುವಿಗೆ ಏನಾಯಿತು ಅಂತ ಒಂದೇ ಕ್ರಿಯಾಪದ ಬರೆದುಕೊಳ್ಳಿ. ಎರಡು ಕಡೆ ಒಂದೇ ಕ್ರಿಯಾಪದ ಬಂದರೆ ಒಂದನ್ನು ಕಿತ್ತುಹಾಕಿ.

"ಇದರ ಅರ್ಥ ಏನು ಅಂತ ಬಿಡಿಸಿ ಹೇಳ್ಬೇಕಾ? ನಮ್ಮ ಕಡೆ ಜನಕ್ಕೆ ಹೇಳದೇ ಇದ್ರೆ ಗೊತ್ತಾಗಲ್ಲ."

ಗೊತ್ತಾಗುತ್ತೆ. ಗಾದೆ ಕೇಳಿಯೇ ಬೆಳೆದ ಜನ ನಾವು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೆ" ಅಂದವರು ಕನ್ನಡಿ ಯಾವುದರ ಸಂಕೇತ ಅಂತ ಯಾವತ್ತಾದರೂ ಬಿಡಿಸಿದ್ದಾರಾ?

ಭಾವನ ಮೊದಲ ಕರಡಿನಲ್ಲಿ ಅಜ್ಜಿಯ ಕಥೆ ಮುಗಿದ ಕೂಡಲೇ ಈ ಸಾಲಿತ್ತು: "ಈ ದಾರವು ಕೇವಲ ದಾರವಲ್ಲ, ಗ್ರಾಹಕರನ್ನೂ ಬ್ಯಾಂಕನ್ನೂ ಬೆಸೆಯುವ ಪ್ರೀತಿಯ ಬಂಧ." ಅದನ್ನು ಹೊಡೆದು ಹಾಕಲು ನಮ್ಮಿಬ್ಬರಿಗೂ ಅರ್ಧ ಗಂಟೆ ಜಗಳವಾಯಿತು. ನಾನು ಕೇಳಿದೆ, ಟಕ್ ಅಂತ ಸದ್ದು ಕೇಳಿಸಿದ ಮೇಲೆ ಈ ಸಾಲು ಹೊಸದಾಗಿ ಏನು ಹೇಳುತ್ತೆ? ಏನೂ ಇಲ್ಲ. ಜೊತೆಗೆ ಇನ್ನೊಂದು ಕೇಡು ಮಾಡುತ್ತೆ. ದಾರಕ್ಕೆ ಒಮ್ಮೆ "ಬಂಧ" ಅಂತ ಹೆಸರಿಟ್ಟರೆ, ಎರಡು ನಿಮಿಷ ಬಿಟ್ಟು ಅದೇ ದಾರ ಕಿತ್ತಾಗ ಬಂಧ ಕಿತ್ತಿತು ಅಂತ ಆಗಿಬಿಡುತ್ತೆ. ನಮಗೆ ಬೇಕಿದ್ದದ್ದು ಅದರ ಉಲ್ಟಾ. ಅರ್ಥವನ್ನು ಬೇಗ ಗಂಟು ಹಾಕಿದರೆ ಮುಂದೆ ಬಿಚ್ಚಲು ಆಗುವುದಿಲ್ಲ.

"ಕೇವಲ … ಅಲ್ಲ" ಅನ್ನುವ ಸಾಲು ನಿಮ್ಮ ಕರಡಿನಲ್ಲಿದ್ದರೆ ಮೊದಲು ಅದನ್ನೇ ಹುಡುಕಿ ಹೊಡೆಯಿರಿ.

"ಬ್ಯಾಂಕ್ ಪೆನ್ನಿಗೆ ದಾರ ಅಂದ್ರೆ ಆ ಹಳೇ ಜೋಕ್ ಹೇಳಲೇಬೇಕಲ್ವಾ?"

ಲಕ್ಷಗಟ್ಟಲೆ ದುಡ್ಡು ನಂಬಿ ಇಡ್ತೀವಿ, ಐದು ರೂಪಾಯಿ ಪೆನ್ನು ನಂಬಿ ಕೊಡಲ್ಲ ಅನ್ನೋದಲ್ವಾ? ಅದನ್ನು ಎಲ್ಲರೂ ವಾಟ್ಸಾಪಿನಲ್ಲಿ ಓದಿದ್ದಾರೆ. ಹೇಳದೇ ಬಿಟ್ಟೆವು. ಜನರ ತಲೆಯಲ್ಲಿ ಅದು ಹೇಗೂ ಇರುತ್ತೆ, ಇರಲಿ. ಕಿತ್ತುಹೋದ ಪೆನ್ನು ಸಂಜೆ ತಾನಾಗಿ ವಾಪಸ್ ಬಂತು ಅಂದಾಗ ಆ ಜೋಕಿಗೆ ಉತ್ತರ ಸಿಕ್ಕ ಹಾಗಾಯಿತು. ನಿಮ್ಮ ವಸ್ತುವಿಗೂ ಇಂಥ ಸವಕಲು ಮಾತು ಒಂದಿರುತ್ತೆ. ಅದನ್ನು ಗೊತ್ತು ಮಾಡಿಕೊಳ್ಳಿ, ಬಾಯಿಬಿಟ್ಟು ಹೇಳಬೇಡಿ.

"ವಸ್ತುವನ್ನ ಕೈಯಲ್ಲಿ ಹಿಡಿದು ತೋರಿಸಿದ್ರೆ ಚೆನ್ನಾಗಿರುತ್ತಾ?"

ಮೂವತ್ತು ಜನರ ಕೋಣೆಯಾದರೆ ತೋರಿಸಬಹುದು. ರವೀಂದ್ರ ಕಲಾಕ್ಷೇತ್ರದಂಥ ಜಾಗವಾದರೆ ಹಿಂದಿನ ಸಾಲಿಗೆ ಪೆನ್ನೂ ಕಾಣಲ್ಲ, ದಾರವಂತೂ ಬಿಡಿ. ಏನೋ ಹಿಡಿದಿದ್ದಾರೆ ಅಂತ ಕತ್ತು ಉದ್ದ ಮಾಡುತ್ತಾರೆ, ನಿಮ್ಮ ಮಾತು ತಪ್ಪಿಹೋಗುತ್ತೆ. ಒಂದು ಕೈಯಲ್ಲಿ ಮೈಕ್, ಒಂದು ಕೈಯಲ್ಲಿ ಚೀಟಿ ಇದ್ದರೆ ವಸ್ತುವಿಗೆ ಕೈಯೇ ಇಲ್ಲ. ಸಣ್ಣ ವಸ್ತು ಹಿಡಿದರೆ ಕೈ ನಡುಗುವುದು ದೊಡ್ಡದಾಗಿ ಕಾಣುತ್ತೆ, ಅದೂ ನೆನಪಿರಲಿ. ತೋರಿಸುವುದೇ ಆದರೆ ತೋರಿಸಿ, ಕೆಳಗಿಟ್ಟು, ಮುಂದಿನ ಮಾತಾಡಿ.

ಇನ್ನೊಂದು ಅಪಾಯ ಇದೆ. ಕೈಯಲ್ಲಿರುವ ವಸ್ತು ಮಾತಿಗಿಂತ ಜಾಸ್ತಿ ದಿನ ಬದುಕುತ್ತೆ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಪುಟ್ಟ ಸೀಸೆ ಎತ್ತಿ ಹಿಡಿದರು. ಇರಾಕಿನ ಹತ್ತಿರ ಆಂಥ್ರಾಕ್ಸ್ ಅನ್ನುವ ರೋಗಾಣು ಅಸ್ತ್ರ ಇದೆ ಅನ್ನುವ ವಾದಕ್ಕೆ. ಯುದ್ಧ ಆದಮೇಲೆ ಅಂಥ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಅವತ್ತು ಅವರು ಒಂದು ಗಂಟೆಗೂ ಜಾಸ್ತಿ ಮಾತಾಡಿದ್ದರು. ಜನರಿಗೆ ನೆನಪಿರುವುದು ಆ ಸೀಸೆ. ನೀವು ಹೇಳುವುದು ತಪ್ಪಾದರೆ, ನಿಮ್ಮ ವಸ್ತು ಆ ತಪ್ಪನ್ನು ಕಾಪಿಟ್ಟುಕೊಂಡಿರುತ್ತೆ.

ಭಾವ ಏನೂ ಹಿಡಿಯಲಿಲ್ಲ. ಭಾಷಣ ನಡೆದದ್ದು ಶಾಖೆಯೊಳಗೇ. ಕೌಂಟರ್ ಅವರ ಬೆನ್ನ ಹಿಂದಿತ್ತು, ಪೆನ್ನು ಅಲ್ಲೇ ನೇತಾಡುತ್ತಿತ್ತು. ಕೇಳುತ್ತಿದ್ದವರೇ ಅದನ್ನು ನೋಡುತ್ತಿದ್ದರು.

## ಮುಗಿಸುವಾಗ

"ಕೊನೆಗೆ ವಾಪಸ್ ತಂದ್ರೆ ಸಿನಿಮಾ ಕ್ಲೈಮ್ಯಾಕ್ಸ್ ಥರ ಆಗುತ್ತೆ. ಹೇಗೆ ತಪ್ಪಿಸೋದು?"

ಭಾವನಿಗೆ ಒಂದು ಆಸೆ ಇತ್ತು. ಕೊನೆಯಲ್ಲಿ ಕತ್ತರಿ ತಗೊಂಡು ದಾರ ಕತ್ತರಿಸಿ, ಪೆನ್ನನ್ನು ಚೆಂದದ ಡಬ್ಬಿಯಲ್ಲಿಟ್ಟು ಹೆಡ್ ಕ್ಯಾಷಿಯರ್ ಕೈಗೆ ಕೊಡಬೇಕು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಅದರ ಮೇಲೆ ಈ ಪೆನ್ನು. ಚಪ್ಪಾಳೆ ಖಂಡಿತ ಬೀಳುತ್ತಿತ್ತು.

ನಮ್ಮಕ್ಕ ಅಡುಗೆಮನೆಯಿಂದಲೇ ಕೇಳಿದಳು, "ಕತ್ತರಿಸಿ ಕೊಟ್ಟುಬಿಟ್ರೆ ಸೋಮವಾರ ಆ ಅಜ್ಜಿ ಯಾವುದರಲ್ಲಿ ಬರೀತಾರೆ?"

ಭಾವ ಸುಮ್ಮನಾದರು. ಕೊನೆಯ ಸಾಲು ಹುಟ್ಟಿದ್ದು ಅಲ್ಲಿ. ಅವರು ಹೇಳಿದ್ದು ಇದು: "ಸಾರ್, ಸೋಮವಾರದಿಂದ ಆ ಕೌಂಟರಿನಲ್ಲಿ ನಾನು ಕೂರುತ್ತೇನೆ. ದಾರ ಮೂರು ಮೊಳವೇ ಇರುತ್ತೆ."

ಇದು ಯಾಕೆ ಕೂತಿತು ಅಂದರೆ, ವಸ್ತು ವಾಪಸ್ ಬಂದಿದ್ದು ನೆನಪಿನ ಕಾಣಿಕೆಯಾಗಿ ಅಲ್ಲ, ನಾಳೆಯ ಕೆಲಸವಾಗಿ. ಅಳತೆಯಿಂದ ಶುರುವಾಗಿತ್ತು, ಅಳತೆಯಲ್ಲೇ ನಿಂತಿತು. ಮೊದಲು "ಮೂರು ಮೊಳ" ಅಂದಾಗ ನಗು ಬಂದಿತ್ತು. ಅದೇ ಎರಡು ಪದಕ್ಕೆ ಈಗ ಯಾರೂ ನಗಲಿಲ್ಲ. ಕೊನೆಯಲ್ಲಿ ಹೊಸ ವಿವರ ಸೇರಿಸಬೇಡಿ, ದನಿ ಏರಿಸಬೇಡಿ. ಮೊದಲ ಪದಗಳನ್ನೇ ಮತ್ತೆ ಹೇಳಿ. ಅಷ್ಟರಲ್ಲಿ ಅವು ಬೇರೆಯದೇ ಆಗಿರುತ್ತವೆ, ಆಗಿಲ್ಲದಿದ್ದರೆ ನಡುಭಾಗದಲ್ಲಿ ಏನೋ ಕೆಟ್ಟಿದೆ ಅಂತ ಲೆಕ್ಕ.

"ಕೊನೆಯ ಸಾಲಿನ ಮೇಲೆ ವಂದನೆ, ಧನ್ಯವಾದ ಹೇಳಬೇಡವಾ?"

ಮೊದಲೇ ಹೇಳಿಬಿಡಿ. ಆರನೇ ನಿಮಿಷದಲ್ಲಿ ಮ್ಯಾನೇಜರಿಗೆ, ಮನೆಯವರಿಗೆ, ಟೀ ತರಿಸಿದವರಿಗೆ ಎಲ್ಲ ಮುಗಿಸಿ. ದಾರದ ಸಾಲಾದ ಮೇಲೆ ಬರೀ ನಮಸ್ಕಾರ. ಬಾಯಲ್ಲಿ ಬೇಡ, ಕೈಯಲ್ಲಿ.

## ಸ್ವಲ್ಪ ಪಳಗಿದವರಿಗೆ

"ವಸ್ತುವಿಗೆ ಹೊಂದದ ವಿಷಯ ಹೇಳಲೇಬೇಕಿದ್ರೆ ಏನು ಮಾಡೋದು?"

ಹೊಂದಿಸಬೇಡಿ. ಆ ಭಾಗದಲ್ಲಿ ವಸ್ತುವನ್ನು ಬಿಟ್ಟುಬಿಡಿ. ಆ ಹೆಡ್ ಕ್ಯಾಷಿಯರ್ ಯೂನಿಯನ್ ಕೆಲಸದಲ್ಲಿ ಬಹಳ ಓಡಾಡಿದವರು. ಭಾವ ಅದನ್ನೂ ದಾರಕ್ಕೆ ಕಟ್ಟಲು ನೋಡಿದರು, "ಎಲ್ಲರನ್ನೂ ಒಂದೇ ದಾರದಲ್ಲಿ ಪೋಣಿಸಿದರು" ಅಂತ. ಪೆನ್ನಿನ ದಾರ ಪೋಣಿಸುವ ದಾರ ಅಲ್ಲ, ಕಟ್ಟುವ ದಾರ. ಕೇಳುವವರಿಗೆ ಈ ಮೋಸ ಗೊತ್ತಾಗುತ್ತೆ. ಏನು ಅಂತ ಹೇಳಲು ಬರದೇ ಹೋದರೂ ಸ್ವಲ್ಪ ಮುಖ ಸಿಂಡರಿಸುತ್ತಾರೆ. ಯೂನಿಯನ್ ಕಥೆ ದಾರವಿಲ್ಲದೆ, ನೇರವಾಗಿ ಒಂದು ನಿಮಿಷ ಬಂತು.

ಒಂದು ಚಿತ್ರ ಭಾಷಣ ಪೂರ್ತಿ ಇರಲೇಬೇಕು ಅಂತೇನೂ ಕಾನೂನಿಲ್ಲ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದಾಗ ಚೆಕ್ಕಿನ ಚಿತ್ರ ತಂದರು. ದೇಶ ತನ್ನ ಕಪ್ಪು ಜನರಿಗೆ ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂದಿದೆ, ಅದನ್ನು ನಗದು ಮಾಡಿಕೊಳ್ಳಲು ಬಂದಿದ್ದೇವೆ ಅಂದರು. ಬ್ಯಾಂಕಿನವರು ಬೆರಗಾಗುವಷ್ಟು ಕರಾರುವಾಕ್ಕಾಗಿ ಆ ಚಿತ್ರ ಬೆಳೆಯುತ್ತೆ, ಕೆಲವು ಸಾಲಿನಲ್ಲೇ ಮುಗಿಯುತ್ತೆ. ಭಾಷಣದ ಕೊನೆಗೆ ಚೆಕ್ಕು ಬರುವುದೇ ಇಲ್ಲ. ಸಾಲ ಕೇಳುವ ಮಾತಿಗೆ ಚೆಕ್ಕು ಸರಿ, ಕನಸಿನ ಮಾತಿಗೆ ಅದು ಸಾಲದು. ನಿಮ್ಮ ಭಾಷಣ ನಡುವೆ ಅಷ್ಟು ದೊಡ್ಡದಾಗಿ ಬೆಳೆದರೆ ವಸ್ತುವನ್ನು ಅಲ್ಲೇ ಇಳಿಸಿ ಹೋಗಿ. ಬೀಳ್ಕೊಡುಗೆಯಲ್ಲಿ ಅಷ್ಟು ಬೆಳೆಯುವುದು ಅಪರೂಪ ಅನ್ನಿ.

"ವೇದಿಕೆ ಮೇಲೆ ಕೂತಾಗ 'ಎರಡೇ ನಿಮಿಷ ಸಾರ್' ಅಂತ ಚೀಟಿ ಬಂದ್ರೆ?"

ಬೆಂಗಳೂರಲ್ಲಿ ಬಂದೇ ಬರುತ್ತೆ, ಮುಖ್ಯ ಅತಿಥಿ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂದಿರುತ್ತಾರೆ. ಮೊದಲದ್ದು, ಕೊನೆಯದು, ನಡುವಿನ ಒಂದು ಇಟ್ಟುಕೊಳ್ಳಿ. ನಡುವಿನದು ಯಾವುದು ಅಂದರೆ, ಯಾವುದಿಲ್ಲದೆ ಕೊನೆಯ ಸಾಲು ಅರ್ಥವಾಗಲ್ಲವೋ ಅದು. ಭಾವನ ಭಾಷಣದಲ್ಲಿ ಅದು ಅಜ್ಜಿ. ನೋಟು ರದ್ದತಿಯ ಭಾಗ ಕೇಳಲು ಚೆನ್ನಾಗಿದೆ, ಆದರೆ ಅದಿಲ್ಲದೆಯೂ "ಮೂರು ಮೊಳವೇ ಇರುತ್ತೆ" ನಿಲ್ಲುತ್ತೆ. ಇದನ್ನು ಮನೆಯಲ್ಲೇ ಗುರುತು ಮಾಡಿಕೊಂಡು ಹೋಗಿ. ವೇದಿಕೆ ಮೇಲೆ ಯೋಚಿಸಿದರೆ ಇರಬೇಕಾದದ್ದನ್ನೇ ಹೊಡೆದು ಹಾಕುತ್ತೀರಿ.

"ನನಗಿಂತ ಮುಂಚೆ ಮಾತಾಡಿದವರು ಅದೇ ವಸ್ತುವಿನ ಬಗ್ಗೆ ಹೇಳಿಬಿಟ್ರೆ?"

ಅವರ ಹೆಸರು ಹೇಳಿ ಮುಂದುವರಿಯಿರಿ. "ಮೇಡಂ ಆಗಲೇ ಪೆನ್ನಿನ ಮಾತು ಎತ್ತಿದರು, ನಾನು ದಾರದ್ದು ಹೇಳ್ತೀನಿ." ಜನಕ್ಕೆ ಖುಷಿಯಾಗುತ್ತೆ. ನಿಮ್ಮ ವಸ್ತು ಬರೀ ಹೆಸರಲ್ಲ, ವಿವರವಾಗಿದ್ದರೆ ಯಾರೂ ಅದನ್ನು ಪೂರ್ತಿ ಕಸಿದುಕೊಳ್ಳಲು ಆಗುವುದಿಲ್ಲ.

"ವಸ್ತು ನಿಜವಾಗಿ ಕೂತಿದೆಯೋ, ಸುಮ್ನೆ ಅಂಟಿಸಿದ್ದೀನೋ ಗೊತ್ತಾಗೋದು ಹೇಗೆ?"

ಒಂದು ಸುಲಭದ ಪರೀಕ್ಷೆ ಇದೆ. ಕರಡಿನಲ್ಲಿ ನಿಮ್ಮ ವಸ್ತುವಿನ ಹೆಸರು ಬಂದಲ್ಲೆಲ್ಲ ಬೇರೆ ವಸ್ತು ಹಾಕಿ ಓದಿ. ನನ್ನ ಕೊಡೆಯ ಭಾಷಣದಲ್ಲಿ ಕೊಡೆ ತೆಗೆದು ಸೂರು ಹಾಕಿದೆ, ಒಂದಕ್ಷರ ಬದಲಾಯಿಸಬೇಕಾಗಲಿಲ್ಲ. ಕಂಬಳಿ ಹಾಕಿದೆ, ಆಗಲೂ ನಡೆಯಿತು. ಅಂದರೆ ಕೊಡೆ ಅಲ್ಲಿ ಇರಲೇ ಇಲ್ಲ. ಭಾವನ ಭಾಷಣದಲ್ಲಿ ದಾರ ತೆಗೆದು ಸ್ಪಂಜಿನ ಡಬ್ಬಿ ಹಾಕಿ ನೋಡಿ. ಎರಡನೇ ವಾಕ್ಯಕ್ಕೇ ಬಿದ್ದುಹೋಗುತ್ತೆ.

ಇನ್ನೊಂದು, ಒಬ್ಬರಿಗೆ ಓದಿ ಹೇಳಿ ಎರಡು ದಿನ ಬಿಟ್ಟು ಕೇಳಿ. "ಏನೋ ಕೊಡೆ ಬಗ್ಗೆ ಹೇಳಿದ್ರಿ" ಅಂದರೆ ವಸ್ತು ಉಳಿದಿದೆ, ಮನುಷ್ಯರು ಉಳಿದಿಲ್ಲ. "ಆ ಅಜ್ಜಿಗೆ ದಾರ ಉದ್ದ ಮಾಡಿದ್ರಲ್ಲ, ಅವರು ಯಾರು?" ಅಂದರೆ ಸರಿಯಾಗಿದೆ.

"ಆ ಪೆನ್ನು ಈಗ ಎಲ್ಲಿದೆ?"

ಇದನ್ನು ಕೇಳುವವರೇ ಜಾಸ್ತಿ. ಅಲ್ಲೇ ಇದೆ. ಹೋದ ತಿಂಗಳು ಡಿಡಿ ಮಾಡಿಸಲು ಹೋದಾಗ ನೋಡಿದೆ. ರಿಫಿಲ್ ಹೊಸದು, ದಾರ ನೈಲಾನ್ ಆಗಿದೆ, ಉದ್ದ ಅಷ್ಟೇ ಇದೆ. ಕುರ್ಚಿ ಮಾತ್ರ ಟೋಕನ್ ಮೆಷಿನ್ ಇಡಲು ಗೋಡೆಗೆ ಸರಿದಿದೆ, ಪೆನ್ನು ಅಲ್ಲಿಗೆ ಒಂದು ಗೇಣು ಸಾಲದು. ಭಾವನಿಗೆ ಹೇಳಿದೆ. ಕೌಂಟರಿಂದ ಎದ್ದು ಬಂದು ನೋಡಿದರು, "ಅದಕ್ಕೇ ಅಜ್ಜಿ ಮೊನ್ನೆ ಕುರ್ಚಿ ಎಳೆಸಿದ್ದು" ಅಂದರು.